‘ವಣಕ್ಕಂ’ ಬದಿಗಿಡಿ, ‘ಸಾಪ್ಟೀಂಗಳಾ’ ಕಲಿಯಿರಿ

ಓದುಗರ ಪತ್ರ: ನಾವು ತಿಪಟೂರಿನವರು. ವರ್ಗವಾಗಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಬಂದು ಎರಡು ತಿಂಗಳಾಯಿತು. ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯಮ್ಮ, ಅವರ ಮಗ, ಸೊಸೆ ಇದ್ದಾರೆ. ಮನೆಯೊಳಗೆ ತಮಿಳು, ನಮ್ಮ ಹತ್ತಿರ ಚೆನ್ನಾದ ಕನ್ನಡ. ಮೊನ್ನೆ ನಾನು ಕೈಮುಗಿದು ‘ವಣಕ್ಕಂ’ ಎಂದೆ. ಅಮ್ಮ ನಕ್ಕುಬಿಟ್ಟರು, ಸೊಸೆಯೂ ನಕ್ಕರು. ‘ಸುಮ್ಮನೆ ಕನ್ನಡದಲ್ಲೇ ಮಾತಾಡು, ಅಣಕಿಸಿದ ಹಾಗಿರುತ್ತೆ’ ಅಂತಾರೆ ನಮ್ಮ ಯಜಮಾನರು. ಅವರ ಭಾಷೆಯ ನಾಲ್ಕು ಮಾತು ಆಡಬೇಕು ಅಂತ ನನಗೆ ಆಸೆ. ಹೇಗೆ ಆಡಿದರೆ ಸರಿ?

ಸಂಪಾದಕರ ಉತ್ತರ:

ಅವರ ನಗುವಿನಲ್ಲಿ ಬೇಸರ ಇದ್ದಿರಲಾರದು. ತಮಿಳಿನಲ್ಲಿ ‘ವಣಕ್ಕಂ’ ವೇದಿಕೆಯ ಮಾತು. ಭಾಷಣದ ಮೊದಲಿಗೆ, ಸುದ್ದಿ ಓದುವವರ ಬಾಯಲ್ಲಿ, ಅಧಿಕಾರಿಯನ್ನು ಕಂಡಾಗ ಅದು ಬರುತ್ತದೆ. ಒಂದೇ ಗೋಡೆಯ ಆಚೀಚೆ ಇರುವವರು ದಿನವೂ ಹಾಗೆ ಹೇಳಿಕೊಳ್ಳುವುದಿಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತವರಿಗೆ ಯಾರಾದರೂ ‘ತಮಗೆ ಶುಭೋದಯ’ ಎಂದರೆ ನಿಮಗೆ ಹೇಗನ್ನಿಸುತ್ತದೋ ಹಾಗೆ ಅವರಿಗನ್ನಿಸಿದೆ. ನಿಮ್ಮ ಮನಸ್ಸು ಸರಿಯಾಗಿಯೇ ಇತ್ತು, ಆ ಹೊತ್ತಿಗೆ ಆ ಪದ ಹೊಂದಲಿಲ್ಲ, ಅಷ್ಟೆ.

ಹಾಗಾದರೆ ನೆರೆಯವರು ಏನು ಹೇಳಿಕೊಳ್ಳುತ್ತಾರೆ? ನಾವು ಹೇಳುವುದನ್ನೇ. ನಾವು ‘ಊಟ ಆಯ್ತಾ?’ ಅನ್ನುತ್ತೇವೆ, ಅವರು ‘ಸಾಪ್ಟೀಂಗಳಾ?’ ಅನ್ನುತ್ತಾರೆ. ನಾವು ‘ಹೋಗಿ ಬರ್ತೀನಿ’ ಅನ್ನುತ್ತೇವೆ, ಅವರು ‘ಪೋಯ್ಟು ವರೇನ್’ ಅನ್ನುತ್ತಾರೆ. ಬಾಗಿಲಿಗೆ ಬಂದವರಿಗೆ ನಾವು ‘ಬನ್ನಿ ಬನ್ನಿ’, ಅವರು ‘ವಾಂಗ ವಾಂಗ’. ಮೊದಲ ತಿಂಗಳಿಗೆ ಈ ಮೂರು ಸಾಕು. ಇವನ್ನು ಎಲ್ಲಿ, ಯಾವಾಗ ಹೇಳಬೇಕೆಂಬುದು ಕನ್ನಡದಿಂದಲೇ ನಿಮಗೆ ಗೊತ್ತಿದೆ. ಹೊಸದಾಗಿ ಕಲಿಯಬೇಕಾದ್ದು ಉಚ್ಚಾರ ಮತ್ತು ಮರ್ಯಾದೆಯ ರೂಪ ಮಾತ್ರ.

ತಪ್ಪು ಹೆಚ್ಚಾಗಿ ಆಗುವುದು ಮರ್ಯಾದೆಯ ರೂಪದಲ್ಲಿ. ಕನ್ನಡದ ‘ಬಾ’ ಮತ್ತು ‘ಬನ್ನಿ’ ಇದ್ದಂತೆ ತಮಿಳಿನಲ್ಲಿ ‘ವಾ’ ಮತ್ತು ‘ವಾಂಗ’ ಇವೆ. ‘ನೀನು’ ಅವರಲ್ಲಿ ‘ನೀ’, ‘ನೀವು’ ಅವರಲ್ಲಿ ‘ನೀಂಗ’. ‘ಸಾಪ್ಟಿಯಾ?’ ಎಂದರೆ ‘ಊಟ ಮಾಡಿದ್ಯಾ?’, ‘ಸಾಪ್ಟೀಂಗಳಾ?’ ಎಂದರೆ ‘ಊಟ ಮಾಡಿದ್ರಾ?’. ನಮ್ಮವರ ಕಿವಿಗೆ ತಮಿಳು ಬೀಳುವುದು ಹೆಚ್ಚಾಗಿ ಸಿನಿಮಾದಿಂದ. ಅಲ್ಲಿ ಗೆಳೆಯರು, ಜಗಳ, ಪ್ರೀತಿ ಎಲ್ಲವೂ ಏಕವಚನದಲ್ಲಿ ನಡೆಯುವುದರಿಂದ ‘ಸಾಪ್ಟಿಯಾ’, ‘ವಾಡಾ’, ‘ಎನ್ನಡಾ’ ತಾನಾಗಿಯೇ ಬಾಯಿಗೆ ಹತ್ತುತ್ತವೆ. ಹಿರಿಯರ ಮುಂದೆ ಅದನ್ನು ಆಡಿದರೆ, ಭಾಷೆ ಬಾರದವರೆಂದು ಅವರು ಬಾಯಲ್ಲಿ ಕ್ಷಮಿಸಿದರೂ ಒಳಗೆ ಚುಚ್ಚುತ್ತದೆ. ಮಾತು ಮುಗಿಯುವಲ್ಲಿ ‘ಈಂಗ’ ಅಥವಾ ‘ಆಂಗ’ ಕೇಳಿಸುತ್ತಿದೆಯೇ ಎಂದು ನೋಡಿಕೊಳ್ಳಿ, ಅದೇ ಗುರುತು. ಸೊಸೆ ನಿಮಗಿಂತ ಚಿಕ್ಕವರಾಗಿದ್ದರೂ ಅವರಾಗಿ ಸಲಿಗೆ ಕೊಡುವವರೆಗೆ ‘ನೀಂಗ’ ಬಿಡಬೇಡಿ.

‘ಸಾಪ್ಟಾಚಾ?’ ಎಂಬ ಇನ್ನೊಂದು ರೂಪವೂ ಇದೆ. ತಮಿಳಿನ ‘ಆಚು’ ನಮ್ಮ ‘ಆಯ್ತು’. ‘ಊಟ ಆಯ್ತಾ’ ಎನ್ನುವಾಗ ನೀನು, ನೀವು ಎರಡೂ ಇಲ್ಲದಿರುವಂತೆ ಇದರಲ್ಲೂ ಇಲ್ಲ. ಸೊಸೆಯ ಹತ್ತಿರ ಇದು ಸಲೀಸು. ಅಮ್ಮನಿಗೆ ಮಾತ್ರ ‘ಅಮ್ಮಾ, ಸಾಪ್ಟೀಂಗಳಾ?’ ಎಂದೇ ಕೇಳಿ. ನಿಮ್ಮನ್ನು ಯಾರಾದರೂ ಕೇಳಿದರೆ ಉತ್ತರ ಇನ್ನೂ ಸುಲಭ: ‘ಆಚು, ನೀಂಗ?’ ಕೇಳಿದ್ದು ಊಟಕ್ಕೆ ಕರೆಯಲಿಕ್ಕಲ್ಲ ಎಂದು ನಿಮಗೆ ತಿಳಿದೇ ಇದೆ. ಬೆಳಿಗ್ಗೆಯಾದರೆ ‘ಟಿಫನ್ ಆಚಾ?’ ಅನ್ನಬಹುದು. ಅಂದಹಾಗೆ, ಅವರು ‘ಕಾಪಿ ಸಾಪ್ಡ್ರೀಂಗಳಾ?’ ಎಂದರೆ ಗಲಿಬಿಲಿಯಾಗಬೇಡಿ. ನಾವು ಕಾಫಿ ಕುಡಿಯುತ್ತೇವೆ, ತಮಿಳಿನಲ್ಲಿ ಊಟಕ್ಕೆ ಆಡುವ ಕ್ರಿಯಾಪದವನ್ನೇ ಕಾಫಿಗೂ ಆಡುತ್ತಾರೆ.

ಎರಡನೆಯ ತೊಡಕು ಪುಸ್ತಕದ ತಮಿಳು. ಬರೆಯುವ ತಮಿಳಿಗೂ ಆಡುವ ತಮಿಳಿಗೂ ನಡುವೆ ಇರುವ ದೂರ ಕನ್ನಡದಲ್ಲಿರುವುದಕ್ಕಿಂತ ಹೆಚ್ಚು. ಮೂವತ್ತು ದಿನದಲ್ಲಿ ತಮಿಳು ಕಲಿಸುವ ಪುಸ್ತಕಗಳಲ್ಲಿ ‘ಸಾಪ್ಪಿಟ್ಟೀರ್ಗಳಾ’, ‘ಸೆಂಡ್ರು ವರುಗಿರೇನ್’ ಎಂಬಂಥ ರೂಪಗಳು ಸಿಗುತ್ತವೆ. ವ್ಯಾಕರಣದಲ್ಲಿ ಅವು ತಪ್ಪಲ್ಲ, ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಯಾರೂ ಹಾಗೆ ಮಾತಾಡುವುದಿಲ್ಲ. ಜೊತೆಗೆ ಕೆಜಿಎಫ್‌ನ ತಮಿಳು ಚೆನ್ನೈ ತಮಿಳಲ್ಲ. ಅದರಲ್ಲಿ ಕನ್ನಡವೂ ತೆಲುಗೂ ಬೆರೆತಿವೆ. ನಾವಿಲ್ಲಿ ಬರೆದ ರೂಪಕ್ಕೂ ಆ ಮನೆಯಲ್ಲಿ ನಿಮ್ಮ ಕಿವಿಗೆ ಬೀಳುವುದಕ್ಕೂ ವ್ಯತ್ಯಾಸ ಕಂಡರೆ ಅವರದನ್ನೇ ಹಿಡಿಯಿರಿ. ಸೊಸೆಯನ್ನು ಬಿಡುವಾದಾಗ ಕೇಳಿ. ‘ನೀವು ಹೇಗೆ ಕೇಳ್ತೀರಿ?’ ಎಂದಲ್ಲ, ‘ನಾನು ಅಮ್ಮನನ್ನ ಊಟ ಆಯ್ತಾ ಅಂತ ಕೇಳಬೇಕಾದರೆ ಹೇಗೆ ಹೇಳಬೇಕು?’ ಎಂದು. ಮನೆಯವರೊಳಗಿನ ಸಲಿಗೆಯ ರೂಪ ನಿಮಗೆ ಹೊಂದದೇ ಇರಬಹುದು.

ಉಚ್ಚಾರದಲ್ಲಿ ಕನ್ನಡಿಗರಿಗೆ ಕಷ್ಟ ಕಡಿಮೆ. ‘ಸಾಪ್ಟೀಂಗಳಾ’ದ ಳಕಾರ ನಮಗೆ ಹುಟ್ಟಿನಿಂದಲೇ ಬಂದಿದೆ. ಎಡವುವುದು ಪದದ ತುದಿಯಲ್ಲಿ. ಕನ್ನಡದ ಅಭ್ಯಾಸದಲ್ಲಿ ನಾವು ‘ವರೇನು’ ಎಂದು ಉಕಾರ ಸೇರಿಸಿಬಿಡುತ್ತೇವೆ. ಅವರ ಬಾಯಲ್ಲಿ ಆ ‘ನ್’ ಕೂಡ ಪೂರ್ತಿ ಕೇಳಿಸದು. ‘ವರೇ’ ಎಂದು ಎಳೆದು ಮೂಗಿನಲ್ಲಿ ನಿಲ್ಲಿಸಿದರೆ ಹತ್ತಿರ ಬರುತ್ತದೆ. ‘ವಾಂಗ’ದ ಕೊನೆಯನ್ನೂ ‘ವಾಂಗಾ’ ಎಂದು ಎಳೆಯಬೇಡಿ, ಗಿಡ್ಡವಾಗಿ ಬಿಡಿ.

ಇನ್ನು ನಿಮ್ಮ ಯಜಮಾನರ ಅಂಜಿಕೆ. ಅದನ್ನು ತಳ್ಳಿಹಾಕುವಂತಿಲ್ಲ. ಅಣಕದಂತೆ ಕೇಳಿಸಲು ಪದಕ್ಕಿಂತ ದನಿ ಕಾರಣ. ಪರಭಾಷೆಯ ಪದ ಆಡುವಾಗ ನಮಗರಿವಿಲ್ಲದೆ ದನಿ ಏರುತ್ತದೆ, ಮಾತು ನಿಧಾನವಾಗುತ್ತದೆ, ಮುಖದಲ್ಲಿ ‘ನೋಡಿ, ಹೇಳಿದೆ’ ಎಂಬ ನಗು ಬಂದು ಕೂರುತ್ತದೆ, ಆಮೇಲೆ ಎದುರಿನವರು ಏನೆನ್ನುತ್ತಾರೋ ಎಂದು ಕಾಯುತ್ತೇವೆ. ಆಗ ಅವರು ಮೆಚ್ಚಲೇಬೇಕಾಗುತ್ತದೆ. ಪರೀಕ್ಷೆ ಹೀಗೆ ಮಾಡಿಕೊಳ್ಳಿ: ‘ಊಟ ಆಯ್ತಾ’ ಎಂದು ಹೇಳಿ, ಅದೇ ದನಿಯಲ್ಲಿ, ಅದೇ ವೇಗದಲ್ಲಿ ‘ಸಾಪ್ಟೀಂಗಳಾ’ ಅನ್ನಿ. ಎರಡರಲ್ಲಿ ಒಂದು ಬೇರೆ ರಾಗದಲ್ಲಿ ಬಂದರೆ ಇನ್ನೂ ನಾಲ್ಕು ಸಲ ಮನೆಯಲ್ಲೇ ಹೇಳಿಕೊಳ್ಳಿ. ಹೇಳಿದ ಕೂಡಲೇ ಮುಂದಿನ ಮಾತು ಕನ್ನಡದಲ್ಲಿ ಆಡಿ: ‘ಅಮ್ಮಾ, ಸಾಪ್ಟೀಂಗಳಾ? ಇವತ್ತು ನೀರು ಎಷ್ಟೊತ್ತಿಗೆ ಬಿಡ್ತಾರಂತೆ?’ ಹೀಗೆ ಮಾತು ನೀರಿನ ಕಡೆ ಹೋದರೆ ನಿಮ್ಮ ತಮಿಳಿನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ.

ಅಮ್ಮ ಖುಷಿಯಾಗಿ ಉದ್ದಕ್ಕೆ ತಮಿಳಿನಲ್ಲೇ ಹೇಳತೊಡಗಿದರೆ ತಲೆಯಾಡಿಸುತ್ತ ನಿಲ್ಲಬೇಡಿ. ‘ಪುರಿಯಲೆಮ್ಮಾ, ಕನ್ನಡದಲ್ಲಿ ಹೇಳಿ’ ಅನ್ನಿ. ‘ಪುರಿಯಲೆ’ ಎಂದರೆ ‘ಅರ್ಥ ಆಗ್ಲಿಲ್ಲ’. ಅವರು ತಿದ್ದಿದರೆ ತಿದ್ದಿದಂತೆ ಒಮ್ಮೆ ಹೇಳಿ ಮುಂದಕ್ಕೆ ಹೋಗಿ. ನಿಮ್ಮ ಮನೆಗೆ ಬಂದ ನೆಂಟರ ಮುಂದೆ ಅವರನ್ನು ನಿಲ್ಲಿಸಿಕೊಂಡು ತಮಿಳು ಆಡಿ ತೋರಿಸುವುದು ಮಾತ್ರ ಬೇಡವೇ ಬೇಡ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದು ಸುರಂಗಕ್ಕಿಳಿದವರ ಮರಿಮಕ್ಕಳು ಇಂದು ಇಲ್ಲಿದ್ದಾರೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೂ ಊರು ಬಿಡದೆ, ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಇಲ್ಲಿಗೇ ಮರಳುವ ಮನೆಗಳು ಎಷ್ಟೋ. ನಿಮ್ಮ ಪಕ್ಕದವರದೂ ಅಂಥ ಮನೆಯಾಗಿದ್ದರೆ, ರಾಬರ್ಟ್‌ಸನ್‌ಪೇಟೆಗೆ ಹೊಸಬರು ನೀವು, ಅವರಲ್ಲ. ಆದ್ದರಿಂದ ‘ನಿಮ್ಮ ಊರು ತಮಿಳುನಾಡಲ್ಲಿ ಎಲ್ಲಿ?’, ‘ನಿಮ್ಮ ಕಡೆ ಹೀಗೇ ಅಂತಾರಲ್ವಾ?’ ಎಂಬ ಮಾತುಗಳು ಪದ ಎಷ್ಟು ಸರಿಯಿದ್ದರೂ ನಿಮ್ಮ ಸಲಾಮನ್ನು ಕೆಡಿಸಿಬಿಡುತ್ತವೆ. ಅವರು ಒಳ್ಳೆಯ ಕನ್ನಡ ಆಡುತ್ತಿರುವಾಗ ಪ್ರತಿ ಮಾತಿಗೂ ನೀವು ತಮಿಳಿಗೆ ಜಿಗಿದರೆ ಅವರ ಕನ್ನಡ ಸಾಲದು ಎಂದಂತೆಯೂ ಆಗುತ್ತದೆ. ಬಂದಾಗ ಒಂದು, ಹೊರಟಾಗ ಒಂದು, ಅಷ್ಟಿರಲಿ.

ಕರೆಯುವ ಹೆಸರಿನಲ್ಲೂ ಎಚ್ಚರ ಬೇಕು. ‘ಅಕ್ಕಾ’, ‘ಅಣ್ಣಾ’, ‘ಅಮ್ಮಾ’ ಎರಡೂ ಭಾಷೆಯಲ್ಲಿ ನಡೆಯುತ್ತವೆ. ‘ಪಾಟಿ’ ಎಂದರೆ ಅಜ್ಜಿ. ಅವರ ಮೊಮ್ಮಕ್ಕಳು ಕರೆದರೆ ಚೆಂದ, ನಿಮ್ಮ ವಯಸ್ಸಿನವರು ಕರೆದರೆ ಮುಪ್ಪನ್ನು ನೆನಪಿಸಿದಂತೆ. ‘ತಂಬಿ’ ಎಂದರೆ ತಮ್ಮ. ತಮಿಳು ಆಡುವ ಗಂಡಸರನ್ನೆಲ್ಲ, ಹಣ್ಣು ಮಾರುವವರನ್ನೂ ಗಾರೆ ಕೆಲಸದವರನ್ನೂ ‘ತಂಬಿ’ ಎಂದು ಕೂಗುವ ಚಾಳಿ ನಮ್ಮಲ್ಲಿ ಕೆಲವರಿಗಿದೆ. ತಲೆ ನರೆತವರನ್ನು ‘ಏ ತಮ್ಮಾ’ ಎಂದು ಕರೆದ ಹಾಗದು. ನಿಮ್ಮ ಯಜಮಾನರು ಆ ಮನೆಯ ಮಗನನ್ನು ‘ಸಾರ್’ ಎಂದೋ ಹೆಸರಿಗೆ ‘ಅವರೇ’ ಸೇರಿಸಿಯೋ ಕರೆದರೆ ಸಾಕು.

ಕೆಜಿಎಫ್‌ನಲ್ಲಿ ‘ಜೈ ಭೀಮ್’ ಎಂದು ಕೈಮುಗಿಯುವವರಿದ್ದಾರೆ, ‘ಸ್ತೋತ್ರಂ’ ಎನ್ನುವ ಕ್ರೈಸ್ತರಿದ್ದಾರೆ. ಇವು ಭಾಷೆಯ ಪದಗಳಷ್ಟೇ ಅಲ್ಲ, ಒಬ್ಬರ ನಂಬಿಕೆ, ಹೋರಾಟದ ಗುರುತುಗಳೂ ಹೌದು. ಅವರಾಗಿ ನಿಮಗೆ ಹೇಳಿದರೆ ಅದೇ ಪದದಲ್ಲಿ ಮರುಮಾತು ಹೇಳುವುದು ಮರ್ಯಾದೆ. ಹೆಸರನ್ನೋ ಗೋಡೆಯ ಪಟವನ್ನೋ ನೋಡಿ ಊಹಿಸಿಕೊಂಡು ನೀವೇ ಮೊದಲು ಹೇಳಲು ಹೋಗಬೇಡಿ.

ಥ್ಯಾಂಕ್ಸ್‌ಗೆ ‘ನಂಡ್ರಿ’ ಹುಡುಕಬೇಕಿಲ್ಲ. ನಮ್ಮ ‘ಧನ್ಯವಾದ’ದಂತೆ ಅದೂ ನೆರೆಮನೆಗೆ ಬಿಗಿಯಾಯಿತು. ಅವರು ಕೊಟ್ಟ ಸಾರಿನ ಪಾತ್ರೆ ಹಿಂತಿರುಗಿಸುವಾಗ ‘ರೊಂಬ ನಲ್ಲಾ ಇರುಂದುಚು’ ಅನ್ನಿ, ತುಂಬ ಚೆನ್ನಾಗಿತ್ತು ಎಂದು. ನಾಲ್ಕಾರು ದಿನ ಊರಲ್ಲಿಲ್ಲದೆ ಮತ್ತೆ ಕಂಡಾಗ ‘ನಲ್ಲಾ ಇರ್ಕೀಂಗಳಾ?’ ಸರಿಹೋಗುತ್ತದೆ. ದಿನವೂ ಕಾಣುವವರನ್ನು ದಿನವೂ ‘ಚೆನ್ನಾಗಿದ್ದೀರಾ’ ಎಂದು ನಾವೂ ಕೇಳುವುದಿಲ್ಲ.

ಕೊನೆಯದಾಗಿ ‘ಪೋಯ್ಟು ವರೇನ್’. ‘ಹೋಗ್ತೀನಿ’ ಎಂದಷ್ಟೇ ಹೇಳಿ ಹೊರಡುವುದು ನಮ್ಮಲ್ಲಿ ಅಶುಭ, ಅವರಲ್ಲೂ ಹಾಗೆಯೇ. ಆದ್ದರಿಂದ ‘ಪೋರೇನ್’ ಎಂದು ಅರ್ಧಕ್ಕೆ ನಿಲ್ಲಿಸಬೇಡಿ, ‘ವರೇನ್’ ಸೇರಲೇಬೇಕು. ಅವರು ಹೊರಟಾಗ ನೀವು ‘ಪೋಯ್ಟು ವಾಂಗ’ ಅನ್ನಿ. ಇದಕ್ಕಿರುವ ಒಂದೇ ವಿನಾಯಿತಿ ಸಾವಿನ ಮನೆ. ಅಲ್ಲಿ ನಾವು ‘ಹೋಗಿ ಬರ್ತೀನಿ’ ಅನ್ನದೆ ಎದ್ದು ಬರುತ್ತೇವಲ್ಲ, ಅವರೂ ಹಾಗೆಯೇ ಬರುತ್ತಾರೆ. ಅಂಥ ದಿನ ಕಲಿತ ಪದ ಯಾವುದೂ ಬೇಡ. ಸ್ವಲ್ಪ ಹೊತ್ತು ಜೊತೆಗೆ ಕೂತು, ಏನೂ ಹೇಳದೆ ಎದ್ದು ಬನ್ನಿ.