ಬಾಕ್ಸ್ ಪ್ಲಾಟ್‌ನಲ್ಲಿ ಹೊರಗುಳಿದ ಆ ಒಂಟಿ ಚುಕ್ಕೆ

ಪ್ರಶ್ನೆ: ಎರಡು ಸೆಕ್ಷನ್‌ಗಳ ಅಂಕಗಳಿಗೆ ಬಾಕ್ಸ್ ಪ್ಲಾಟ್ ಹಾಕಿದ್ದೇನೆ. ನಡುವಿನ ಗೆರೆ, ಮೀಸೆ, ಹೊರಗಿನ ಚುಕ್ಕೆ ಇವನ್ನೆಲ್ಲ ಹೇಗೆ ಓದಬೇಕು?

ಮೊದಲು ಪೆಟ್ಟಿಗೆಯೊಳಗಿನ ಗೆರೆ ನೋಡಿ, ಆಮೇಲೆ ಪೆಟ್ಟಿಗೆಯ ಉದ್ದ, ಕೊನೆಗೆ ಮೀಸೆ ಮತ್ತು ಚುಕ್ಕೆ. ಗೆರೆ ಎಂದರೆ ಮೀಡಿಯನ್, ಅಂಕಗಳನ್ನು ಏರಿಕೆಯಲ್ಲಿ ಬರೆದಾಗ ನಟ್ಟನಡುವೆ ಬರುವ ಅಂಕ. ಪೆಟ್ಟಿಗೆಯಲ್ಲಿರುವುದು ನಡುವಿನ ಸುಮಾರು ಅರ್ಧ ತರಗತಿ. ಅದು ಉದ್ದವಾದಷ್ಟೂ ಆ ಮಕ್ಕಳ ನಡುವಿನ ಅಂತರ ಜಾಸ್ತಿ.

ಬಿ ಸೆಕ್ಷನ್‌ನ 11 ಮಕ್ಕಳ ಅಂಕ ಹೀಗಿದೆ ಅಂದುಕೊಳ್ಳಿ: 18, 55, 58, 60, 63, 65, 66, 68, 70, 72, 75. ಆರನೆಯದು 65, ಅದೇ ಮೀಡಿಯನ್. ಕೆಳಗಿನ ಐವರ ನಡುವಿನ ಅಂಕ 58, ಮೇಲಿನ ಐವರದು 70. ಹಾಗಾಗಿ ಪೆಟ್ಟಿಗೆಯ ಉದ್ದ 12.

ಮೀಸೆ ಪೆಟ್ಟಿಗೆಯಿಂದಾಚೆ ಈ ಉದ್ದದ ಒಂದೂವರೆ ಪಟ್ಟು, ಅಂದರೆ 18 ಅಂಕ ಮಾತ್ರ ಚಾಚಬಹುದು. ಕೆಳಗಿನ ಗಡಿ 40. ಆದರೆ ಮೀಸೆ 40ರವರೆಗೆ ಹೋಗುವುದಿಲ್ಲ, ಗಡಿಯೊಳಗೆ ನಿಜವಾಗಿ ಇರುವ ಕೊನೆಯ ಅಂಕ 55ರಲ್ಲೇ ನಿಲ್ಲುತ್ತದೆ. ಇಲ್ಲೇ ತುಂಬಾ ಜನ ಎಡವುತ್ತಾರೆ. 18 ಅಂಕದ ಮಗು ಚುಕ್ಕೆಯಾಗಿ ಹೊರಗೆ ಉಳಿಯುತ್ತದೆ.

ಎ ಸೆಕ್ಷನ್‌ನ ಮೀಡಿಯನ್ 62, ಪೆಟ್ಟಿಗೆಯ ಉದ್ದ 10, ಸರಾಸರಿ 62.5 ಇದೆ ಎನ್ನಿ. ಬಿ ಸರಾಸರಿ 60.9. ಸರಾಸರಿ ನೋಡಿದರೆ ಬಿ ಹಿಂದೆ, ಮೀಡಿಯನ್ ನೋಡಿದರೆ ಮುಂದೆ. ಸರಾಸರಿಯನ್ನು ಎಳೆದದ್ದು ಆ ಒಂದೇ ಚುಕ್ಕೆ, ಅಲ್ವಾ? ಅದನ್ನು ಸುಮ್ನೆ ಅಳಿಸಬೇಡಿ. ಅಂಕ ತಪ್ಪಾಗಿ ಟೈಪ್ ಆಗಿದೆಯೋ, ಮಗುವಿಗೆ ಅಂದು ಹುಷಾರಿರಲಿಲ್ಲವೋ ವಿಚಾರಿಸಿ.