ಆಡ್ಸ್ ರೇಷಿಯೊ 4.5 ಅಂದರೆ ನೂರಕ್ಕೆ ಎಷ್ಟು ಜನ?

ಪ್ರಶ್ನೆ: ಕಾರವಾರದಲ್ಲಿ ನರ್ಸಿಂಗ್ ಓದ್ತಾ ಇದ್ದೇನೆ, ಸ್ಟ್ಯಾಟಿಸ್ಟಿಕ್ಸ್ ಹೊಸದು. ಕ್ಲಾಸಿನಲ್ಲಿ ಒಂದು ಲೆಕ್ಕ ಕೊಟ್ಟರು. ಬಾಯಿ ಕ್ಯಾನ್ಸರ್ ಇರುವ 100 ಜನರಲ್ಲಿ 60 ಜನ ತಂಬಾಕು ತಿನ್ನುವವರು. ಕ್ಯಾನ್ಸರ್ ಇಲ್ಲದ 200 ಜನರಲ್ಲಿ 50 ಜನ ತಿನ್ನುವವರು. ಒಟ್ಟು ತಿನ್ನುವವರು 110, ಅವರಲ್ಲಿ 60 ಜನರಿಗೆ ಕ್ಯಾನ್ಸರ್, ಹಾಗಾಗಿ ಅಪಾಯ ಸುಮಾರು 55% ಅಂತ ಬರೆದೆ. ಮೇಡಂ ತಪ್ಪು ಅಂದರು. ಉತ್ತರ ಆಡ್ಸ್ ರೇಷಿಯೊ 4.5 ಅಂತೆ. ಅದನ್ನು ಹೇಗೆ ಓದುವುದು?

ಉತ್ತರ: ನಾನು ಶಿರಸಿಯವನು. ನಿಮ್ಮ 55% ನಿಜವಾಗಿದ್ದರೆ ನಮ್ಮೂರಲ್ಲಿ ತಂಬಾಕಿನ ಕವಳ ಹಾಕುವವರಲ್ಲಿ ಅರ್ಧ ಜನ ಆಸ್ಪತ್ರೆಯಲ್ಲಿ ಇರಬೇಕಿತ್ತು. ಹಾಗಿಲ್ಲ ಅಲ್ವಾ? ಎಡವಟ್ಟು ಆಗಿದ್ದು ಭಾಗಾಕಾರದಲ್ಲಲ್ಲ, 110 ಎಂಬ ಸಂಖ್ಯೆಯಲ್ಲಿ.

ಕೇಸ್ ಕಂಟ್ರೋಲ್ ಅಧ್ಯಯನದಲ್ಲಿ ಮೊದಲು ಕಾಯಿಲೆಯವರನ್ನು ಹಿಡಿಯುತ್ತಾರೆ. ಆಮೇಲೆ ಕಾಯಿಲೆ ಇಲ್ಲದವರನ್ನು ತಮಗೆ ಬೇಕಾದಷ್ಟು ಆರಿಸುತ್ತಾರೆ. 100 ಕೇಸಿಗೆ 200 ಕಂಟ್ರೋಲ್ ಅನ್ನುವುದು ಸಂಶೋಧಕರ ತೀರ್ಮಾನ, ಊರಿನ ಲೆಕ್ಕ ಅಲ್ಲ. ದುಡ್ಡು ಜಾಸ್ತಿ ಇದೆ ಅಂತ 400 ಕಂಟ್ರೋಲ್ ತೆಗೆದುಕೊಂಡರು ಅಂದುಕೊಳ್ಳಿ. ಅದೇ ಊರು, ಅದೇ ಪ್ರಮಾಣ, ಹಾಗಾಗಿ 100 ಜನ ತಿನ್ನುವವರು, 300 ಜನ ತಿನ್ನದವರು ಸಿಗುತ್ತಾರೆ. ಈಗ ನಿಮ್ಮ ದಾರಿಯಲ್ಲಿ ಲೆಕ್ಕ ಮಾಡಿದರೆ 160 ಜನರಲ್ಲಿ 60, ಅಂದರೆ 37.5%. ಯಾರ ಬಾಯಲ್ಲೂ ಏನೂ ಬದಲಾಗಿಲ್ಲ, ಆದರೆ ‘ಅಪಾಯ’ 55ರಿಂದ 37.5ಕ್ಕೆ ಇಳಿಯಿತು. ಹೀಗೆ ಅಲ್ಲಾಡುವ ಸಂಖ್ಯೆಯನ್ನು ನಂಬುವ ಹಾಗಿಲ್ಲ.

ಆಡ್ಸ್ ಅಂದರೆ ಇಲ್ಲದವರಿಗೆ ಹೋಲಿಸಿದರೆ ಇರುವವರು ಎಷ್ಟು ಪಟ್ಟು ಅನ್ನುವ ಲೆಕ್ಕ. ಕೇಸ್‌ಗಳಲ್ಲಿ ತಿನ್ನುವವರು 60, ತಿನ್ನದವರು 40, ಆಡ್ಸ್ 1.5. ಕಂಟ್ರೋಲ್‌ಗಳಲ್ಲಿ 50ಕ್ಕೆ 150, ಆಡ್ಸ್ ಮೂರನೇ ಒಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ:

```
(60 × 150) / (40 × 50)  = 4.5
(60 × 300) / (40 × 100) = 4.5
```

ಕೆಳಗಿನ ಸಾಲು 400 ಕಂಟ್ರೋಲ್ ಇದ್ದಾಗಿನದು. ಕಂಟ್ರೋಲ್ ಎಷ್ಟೇ ಹೆಚ್ಚಿಸಿದರೂ ಮೇಲೆ ಕೆಳಗೆ ಒಂದೇ ಪಟ್ಟು ಹೆಚ್ಚಾಗಿ ಹೊಡೆದುಹೋಗುತ್ತದೆ. ಈ ಜಾತಿಯ ಅಧ್ಯಯನದಲ್ಲಿ ಆಡ್ಸ್ ರೇಷಿಯೊ ಬಳಸುವುದು ಇದಕ್ಕೇ.

ಹಾಗಾದರೆ ‘ತಿಂದರೆ ಅಪಾಯ 4.5 ಪಟ್ಟು’ ಅನ್ನಬಹುದಾ? ಇಲ್ಲಿ ಅನ್ನಬಹುದು. ಕಾಯಿಲೆ ಅಪರೂಪದ್ದಾದರೆ ಆಡ್ಸ್ ರೇಷಿಯೊ ಅಪಾಯದ ಅನುಪಾತಕ್ಕೆ ಬಹಳ ಹತ್ತಿರ ಬರುತ್ತದೆ ಅಂತ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ 1951ರಲ್ಲೇ ತೋರಿಸಿದರು. ಸುಮ್ನೆ ಲೆಕ್ಕಕ್ಕಾಗಿ ಒಂದು ಲಕ್ಷ ದೊಡ್ಡವರಿರುವ ಊರು ಅಂದುಕೊಳ್ಳೋಣ. 25,000 ಜನ ತಿನ್ನುವವರು, ಅವರಲ್ಲಿ ವರ್ಷಕ್ಕೆ 6 ಜನರಿಗೆ ಕಾಯಿಲೆ. 75,000 ಜನ ತಿನ್ನದವರು, ಅವರಲ್ಲಿ 4 ಜನರಿಗೆ. ಅಂದರೆ ಲಕ್ಷಕ್ಕೆ 24 ಮತ್ತು ಸುಮಾರು 5. ಅನುಪಾತ ಅದೇ 4.5. ಆದರೆ ವರ್ಷಕ್ಕೆ ಲಕ್ಷದಲ್ಲಿ 24 ಎಲ್ಲಿ, ನಿಮ್ಮ 55% ಎಲ್ಲಿ! ಈ ‘ಲಕ್ಷಕ್ಕೆ ಎಷ್ಟು’ ಎಂಬುದು ನಿಮ್ಮ ಟೇಬಲ್ಲಿನಿಂದ ಹುಟ್ಟುವುದಿಲ್ಲ. ಅದಕ್ಕೆ ಕ್ಯಾನ್ಸರ್ ನೋಂದಣಿಯ ಅಂಕಿಯನ್ನೇ ನೋಡಬೇಕು.

ನಿಮ್ಮ ಲೆಕ್ಕಕ್ಕೆ 95% ವಿಶ್ವಾಸಾಂತರ, ಅಂದರೆ ನಿಜವಾದ ಆಡ್ಸ್ ರೇಷಿಯೊ ಇರಬಹುದಾದ ಹರವು, ಹಾಕಿ ನೋಡಿದೆ, 2.7ರಿಂದ 7.5 ಬರುತ್ತದೆ. 1 ಅಂದರೆ ವ್ಯತ್ಯಾಸವೇ ಇಲ್ಲ ಅಂತ ಅರ್ಥ. ಅದು ಈ ಹರವಿನ ಒಳಗಿಲ್ಲ. ಆದರೆ ಹರವು ಅಗಲವಾಗಿದೆ, ಹಾಗಾಗಿ 4.5ನ್ನು ಅಳೆದು ಇಟ್ಟಂತೆ ಹೇಳಬೇಡಿ.

ಈಗ ನಮ್ಮ ಜಿಲ್ಲೆಗೇ ಸೇರಿದ ತೊಡಕು. ಇಲ್ಲಿ ಬರೀ ತಂಬಾಕು ಬಾಯಿಗೆ ಹಾಕುವವರಿಗಿಂತ ಕವಳದ ಜೊತೆ ಹಾಕುವವರೇ ಜಾಸ್ತಿ. ಕವಳದಲ್ಲಿ ಅಡಿಕೆ ಇದ್ದೇ ಇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊರತಂದ ಸಂಪುಟದಲ್ಲಿ ಅಡಿಕೆಯನ್ನೂ ತಂಬಾಕಿಲ್ಲದ ಕವಳವನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. (ಅಡಿಕೆ ತೋಟದ ಮನೆಯಲ್ಲಿ ಕೂತು ಇದನ್ನು ಬರೆಯುವುದು ಸ್ವಲ್ಪ ಕಷ್ಟವೇ.) ಹಾಗಿದ್ದಾಗ ನಿಮ್ಮ ‘ತಂಬಾಕು ತಿನ್ನದವರು’ ಯಾರು? ಅದರಲ್ಲಿ ತಂಬಾಕಿಲ್ಲದ ಕವಳ ಹಾಕುವವರೂ ಸೇರಿದ್ದಾರೆ.

ಬಿಡಿಸಿ ನೋಡೋಣ. ತಂಬಾಕಿನ 60 ಮತ್ತು 50 ಜನ ಎಲ್ಲರೂ ಕವಳದ ಜೊತೆಗೇ ಹಾಕುವವರು ಅಂದುಕೊಳ್ಳಿ. ತಂಬಾಕು ತಿನ್ನದ 40 ಕೇಸ್‌ಗಳಲ್ಲಿ 20 ಜನ ಬರೀ ಕವಳದವರು, 20 ಜನ ಏನೂ ಹಾಕದವರು. 150 ಕಂಟ್ರೋಲ್‌ಗಳಲ್ಲಿ 50 ಜನ ಬರೀ ಕವಳದವರು, 100 ಜನ ಏನೂ ಹಾಕದವರು. ಏನೂ ಹಾಕದವರಿಗೆ ಹೋಲಿಸಿದರೆ ಬರೀ ಕವಳದ ಆಡ್ಸ್ ರೇಷಿಯೊ 2, ತಂಬಾಕಿನ ಕವಳದ್ದು 6. ಬರೀ ಕವಳದವರಿಗೆ ಹೋಲಿಸಿದರೆ ತಂಬಾಕು ಸೇರಿಸಿದ್ದಕ್ಕೆ 3. ಜನ ಅವರೇ, ಉತ್ತರ ಮಾತ್ರ 3, 4.5, 6. ಮೂರೂ ಸರಿಯೇ, ಪ್ರಶ್ನೆಗಳು ಬೇರೆ. ಆದ್ದರಿಂದ ಯಾವುದೇ ವರದಿಯಲ್ಲಿ ಆಡ್ಸ್ ರೇಷಿಯೊ ಕಂಡರೆ ನಾನು ಮೊದಲು ಹುಡುಕುವುದು ‘ಯಾರಿಗೆ ಹೋಲಿಸಿ?’ ಎಂಬುದನ್ನು. ಬೀಡಿ, ಸಾರಾಯಿಗೂ ಇದೇ ಮಾತು. ತಂಬಾಕು ತಿನ್ನುವವರು ಅವುಗಳನ್ನೂ ಜಾಸ್ತಿ ಬಳಸುವವರಾದರೆ ಅದರ ಪಾಲನ್ನು ಬೇರೆ ಮಾಡದೆ ತಂಬಾಕಿನ ಪಾಲು ತಿಳಿಯುವುದಿಲ್ಲ.

ಇನ್ನೊಂದು ನಾನೇ ಬಿದ್ದ ಹೊಂಡ. ಹಿಂದೆ ಒಂದು ಚಿಕ್ಕ ಸಮೀಕ್ಷೆಗೆ ಫಾರ್ಮ್ ತುಂಬುತ್ತಿದ್ದೆ. ಪ್ರಶ್ನೆ ‘ತಂಬಾಕು ತಿನ್ನುತ್ತೀರಾ?’ ಅಂತ ಇತ್ತು. ಬಾಯಿ ಹುಣ್ಣಿನ ಒಬ್ಬ ಅಜ್ಜ ‘ಇಲ್ಲ ತಮಾ’ ಅಂದರು. ನಾನು ‘ಇಲ್ಲ’ಕ್ಕೆ ಗುರುತು ಹಾಕಿದೆ. ಪಕ್ಕದಲ್ಲಿದ್ದ ಅಜ್ಜಿ ನಕ್ಕು, ‘ಬಾಯಿ ಉರಿ ಶುರುವಾದ ಮೇಲೆ ಬಿಟ್ಟದ್ದು, ಮೊದಲು ಸಂಚಿ ಕೈಬಿಟ್ಟವರಲ್ಲ’ ಅಂದರು. ಕಾಯಿಲೆಯೇ ಚಟ ಬಿಡಿಸಿತ್ತು. ನಿಮ್ಮ 60 ಕೇಸ್‌ಗಳಲ್ಲಿ 20 ಜನ ಹೀಗೆ ‘ಇಲ್ಲ’ ಅಂದರೆ ಟೇಬಲ್ ತಲೆಕೆಳಗಾಗುತ್ತದೆ. ತಿನ್ನುವವರು 40, ತಿನ್ನದವರು 60. ಆಡ್ಸ್ ರೇಷಿಯೊ 4.5ರಿಂದ 2ಕ್ಕೆ ಬೀಳುತ್ತದೆ. ಕಂಟ್ರೋಲ್‌ಗಳಿಗೆ ಬಾಯಿ ಉರಿ ಇಲ್ಲ, ಅವರು ಬಿಟ್ಟಿರುವುದಿಲ್ಲ, ಹಾಗಾಗಿ ತಪ್ಪು ಒಂದೇ ಕಡೆ ಸೇರುತ್ತದೆ.

ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆವು: ಯಾವಾಗ ಶುರು ಮಾಡಿದಿರಿ, ದಿನಕ್ಕೆ ಎಷ್ಟು ಸಲ, ಬಿಟ್ಟಿದ್ದರೆ ಯಾವಾಗ, ಬಾಯಿಯ ತೊಂದರೆ ಕಂಡದ್ದು ಅದಕ್ಕಿಂತ ಮೊದಲೋ ಆಮೇಲೋ. ಕಂಟ್ರೋಲ್‌ಗಳಿಗೂ ಅದೇ ಪ್ರಶ್ನೆಗಳು, ಅದೇ ಕ್ರಮದಲ್ಲಿ.