ಗಡಿಯಾರದಲ್ಲಿ 9.35, ಹೊರಗೆ ಬಿಸಿಲು

ಪ್ರಶ್ನೆ: ಪರದೇಶದಲ್ಲಿ ಓದುತ್ತಿರುವ ತಂಗಿಯ ಮಗ ಜೂನ್ 21ರಂದು ತೆಗೆದದ್ದೆಂದು ಒಂದು ಫೋಟೊ ಕಳಿಸಿ, ‘ರಾತ್ರಿ ಊಟಕ್ಕೆ ಬಂದಿದ್ದೇನೆ, ಯಾವ ದೇಶ ಹೇಳಿ ಮಾವ’ ಎಂದು ಕೇಳಿದ್ದಾನೆ. ಹೋಟೆಲಿನ ಗೋಡೆ ಗಡಿಯಾರ 9.35 ತೋರಿಸುತ್ತಿದೆ. ಕಿಟಕಿಯಾಚೆ ಒಳ್ಳೆಯ ಬಿಸಿಲು, ಅರ್ಧ ತೋಳಿನ ಅಂಗಿ ತೊಟ್ಟ ಜನ, ಎದುರಿಗೆ ಬಾಗಿಲು ಹಾಕಿದ ಅಂಗಡಿ. ಅದರ ಫಲಕದಲ್ಲಿ 10:00–14:00, 17:00–20:30 ಎಂದಿದೆ. ಇದು ಬೆಳಗಿನ ಒಂಬತ್ತೂವರೆ, ಹುಡುಗ ತಮಾಷೆ ಮಾಡುತ್ತಿದ್ದಾನೆ ಎಂದು ನನ್ನ ವಾದ. ಯಾರು ಸರಿ? — ಓದುಗರು, ಪುತ್ತೂರು

ಉತ್ತರ: ಹುಡುಗನೇ ಸರಿ. ಆದರೆ ನಿಮ್ಮ ಅನುಮಾನಕ್ಕೂ ಕಾರಣವಿದೆ. ಜೂನ್ ತಿಂಗಳಲ್ಲಿ ಪುತ್ತೂರಿನ ಸೂರ್ಯ ಏಳು ಗಂಟೆಗೆ ಕೊಂಚ ಮುಂಚೆಯೇ ಮುಳುಗುತ್ತಾನೆ. ಒಂಬತ್ತೂವರೆಯ ಬಿಸಿಲು ಎಂದರೆ ನಮ್ಮ ಕಣ್ಣಿಗೆ ಬೆಳಗು ಮಾತ್ರ. ಮುಚ್ಚಿದ ಅಂಗಡಿಯೂ ನಿಮ್ಮ ನೆರವಿಗೆ ಬಾರದು. ಬೆಳಿಗ್ಗೆ 9.35ಕ್ಕೆ ಅದು ಇನ್ನೂ ತೆರೆದಿರುವುದಿಲ್ಲ, ರಾತ್ರಿ 9.35ಕ್ಕೆ ಆಗಲೇ ಮುಚ್ಚಿರುತ್ತದೆ. ಫಲಕ 24 ಗಂಟೆಯ ಲೆಕ್ಕದಲ್ಲಿದೆ, ಗಡಿಯಾರ 12 ಗಂಟೆಯದು. ಜಗಳ ಹುಟ್ಟಿದ್ದು ಅಲ್ಲಿಂದಲೇ.

ಮೊದಲು ನಾನು ನೋಡಿದ್ದು ಗಡಿಯಾರವನ್ನೇ. ಮುಂಬದಿಯ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಕೆಲವೊಮ್ಮೆ ಕನ್ನಡಿಯಂತೆ ತಿರುವುಮುರುವಾಗಿರುತ್ತದೆ. ಆಗ 2.25 ಎಂಬುದು 9.35ರಂತೆ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಅಂಗಡಿ ಫಲಕದ ಅಂಕಿಗಳು ನೇರವಾಗಿಯೇ ಓದಲು ಸಿಗುವುದರಿಂದ ಆ ಭಯವಿಲ್ಲ. ಗಂಟೆಯ ಮುಳ್ಳು ಒಂಬತ್ತು ಮತ್ತು ಹತ್ತರ ನಡುವಿನ ಅರ್ಧವನ್ನು ತುಸು ದಾಟಿದೆ, ನಿಮಿಷದ ಮುಳ್ಳಿಗೆ ಸರಿಯಾಗಿ ಹೊಂದುತ್ತದೆ. ನಿಂತುಹೋದ ಗಡಿಯಾರದಲ್ಲೂ ಮುಳ್ಳುಗಳು ಹೀಗೆಯೇ ಹೊಂದಿಕೊಂಡಿರುತ್ತವೆ ಎನ್ನುವುದನ್ನು ಮರೆಯಬಾರದು. ಆದ್ದರಿಂದ ಗಡಿಯಾರದ ಮಾತನ್ನು ಬೇರೆ ಸಾಕ್ಷಿಯಿಲ್ಲದೆ ನಂಬುವುದಿಲ್ಲ.

ಆ ಸಾಕ್ಷಿ ನಿಮ್ಮ ಚಿತ್ರದ ಎಡಮೂಲೆಯಲ್ಲಿದೆ. ವಾಹನಗಳು ಹತ್ತದಂತೆ ಕಾಲುದಾರಿಯ ಅಂಚಿಗೆ ನೆಟ್ಟ ಸೊಂಟದೆತ್ತರದ ಕಂಬವೊಂದಿದೆ. ಅದರ ನೆರಳು ಕಾಲುದಾರಿಯುದ್ದಕ್ಕೂ ಎರಡು ಅಂಗಡಿಗಳನ್ನು ದಾಟಿ ಚೌಕಟ್ಟಿನಾಚೆ ಹೋಗಿದೆ. ಕಂಬದ ಎತ್ತರವನ್ನೇ ಅಳತೆಗೋಲು ಮಾಡಿಕೊಂಡು, ದೂರಕ್ಕೆ ಹೋದಂತೆ ವಸ್ತುಗಳು ಚಿಕ್ಕದಾಗಿ ಕಾಣುವುದನ್ನು ಕಾಲುದಾರಿಯ ಕಲ್ಲುಹಾಸಿನ ಎಣಿಕೆಯಿಂದ ಸರಿಪಡಿಸಿಕೊಂಡೆ. ಕಾಣುವಷ್ಟು ನೆರಳೇ ಕಂಬದ ಏಳು ಪಟ್ಟು ಉದ್ದವಿದೆ. ಅಂದರೆ ಸೂರ್ಯ ದಿಗಂತದಿಂದ 8 ಡಿಗ್ರಿಗಿಂತ ಮೇಲಿಲ್ಲ. ಜೂನ್ ತಿಂಗಳ ಬೆಳಗಿನ ಒಂಬತ್ತೂವರೆಗೆ ಯೂರೋಪಿನ ಸೂರ್ಯ ಇದಕ್ಕಿಂತ ಬಹಳ ಮೇಲೆ ಏರಿರುತ್ತಾನೆ. ಗಡಿಯಾರ ಸೂರ್ಯನಿಗಿಂತ ಬಹಳ ಮುಂದಿರುವ, ಸ್ಪೇನಿನ ಪಶ್ಚಿಮ ತೀರದ ವೀಗೊ ನಗರದಲ್ಲೂ ಆ ಹೊತ್ತಿಗೆ ಸೂರ್ಯನ ಎತ್ತರ ಸುಮಾರು 26 ಡಿಗ್ರಿ, ನೆರಳು ಕಂಬದ ಎರಡು ಪಟ್ಟು ಮಾತ್ರ. ರಾತ್ರಿ 9.35ಕ್ಕೆ ಅಲ್ಲಿ ಎತ್ತರ 6 ಡಿಗ್ರಿಗೆ ಇಳಿದಿರುತ್ತದೆ, ನೆರಳು ಹತ್ತು ಪಟ್ಟಾಗುತ್ತದೆ. ರಸ್ತೆ ಇಳಿಜಾರಾಗಿದ್ದರೆ ನೆರಳು ಉದ್ದವಾದೀತು, ನಿಜ. ಆದರೆ ಎರಡು ಪಟ್ಟಿನ ನೆರಳು ಏಳು ಪಟ್ಟಾಗಲು 19 ಡಿಗ್ರಿ ಇಳಿಜಾರು ಬೇಕು. ಅಂಥ ಬೀದಿಯಲ್ಲಿ ಹೋಟೆಲಿನವರು ಹೊರಗೆ ಮೇಜು ಹಾಕುತ್ತಿರಲಿಲ್ಲ.

ಈಗ ಫಲಕಕ್ಕೆ ಬರೋಣ. ರಾತ್ರಿ ಒಂಬತ್ತೂವರೆಗೆ ಬಿಸಿಲಿರುವ ಊರುಗಳು ಯೂರೋಪಿನಲ್ಲಿ ಅನೇಕ. ಜರ್ಮನಿಯ ಹ್ಯಾಂಬರ್ಗ್ ಕೂಡ ಅವುಗಳಲ್ಲಿ ಒಂದು. ಅದು ಅಷ್ಟು ಉತ್ತರದಲ್ಲಿದೆ. ಆದರೆ ಅಲ್ಲಿಯ ಅಂಗಡಿಗಳಿಗೆ ಮಧ್ಯಾಹ್ನ ಮೂರು ತಾಸು ಬಾಗಿಲು ಹಾಕುವ ರೂಢಿಯಿಲ್ಲ. ಫ್ರಾನ್ಸಿನ ಸಣ್ಣ ಊರುಗಳಲ್ಲಿ ವಿರಾಮ ಉಂಟು, ಆದರೆ ಸಾಮಾನ್ಯವಾಗಿ 12ರಿಂದ 2ರವರೆಗೆ, ಸಂಜೆ ಏಳಕ್ಕೆಲ್ಲ ವ್ಯಾಪಾರ ಮುಗಿಯುತ್ತದೆ. ಇಟಲಿಯಲ್ಲೂ ವಿರಾಮವಿದೆ. ಆದರೆ ರೋಮ್‌ನಲ್ಲಿ ಜೂನ್ ಕೊನೆಗೂ ಸೂರ್ಯ ಒಂಬತ್ತರೊಳಗೆ ಮುಳುಗುತ್ತಾನೆ. ಎರಡರಿಂದ ಐದರವರೆಗೆ ಮುಚ್ಚಿ ಎಂಟೂವರೆವರೆಗೆ ತೆರೆದಿರುವುದು ಸ್ಪೇನಿನ ವೇಳಾಪಟ್ಟಿ. ಫಲಕವನ್ನು ಹಿಗ್ಗಿಸಿ ನೋಡಿ: ವಾರದ ದಿನಗಳನ್ನು ಒಂದೊಂದೇ ಅಕ್ಷರದಲ್ಲಿ ಬರೆದಿದ್ದು, ಬುಧವಾರದ ಜಾಗದಲ್ಲಿ ಎಕ್ಸ್ ಇದ್ದರೆ ಅದು ಸ್ಪ್ಯಾನಿಷ್. ಮಂಗಳವಾರ, ಬುಧವಾರ ಎರಡೂ ಎಂ ಅಕ್ಷರದಿಂದಲೇ ಆರಂಭವಾಗುವುದರಿಂದ ಅವರು ಬುಧವಾರಕ್ಕೆ ಎಕ್ಸ್ ಕೊಟ್ಟಿದ್ದಾರೆ.

ಇಲ್ಲಿ ಒಂದು ಕ್ಷಣ ನಾನೂ ಎಡವಿದೆ. ಸ್ಪ್ಯಾನಿಷ್ ಆಡುವ, ಮಧ್ಯಾಹ್ನ ಅಂಗಡಿ ಮುಚ್ಚುವ ಇನ್ನೊಂದು ಊರಿದೆ: ಅರ್ಜೆಂಟೀನಾದ ಪಶ್ಚಿಮದಲ್ಲಿರುವ ಮೆಂಡೋಸಾ. ಅಲ್ಲಿಯ ಗಡಿಯಾರವೂ ಸೂರ್ಯನಿಗಿಂತ ಬಹಳ ಮುಂದೆ. ಜೂನ್ ತಿಂಗಳಲ್ಲಿ ಅಲ್ಲಿ ಬೆಳಕು ಹರಿಯುವುದೇ ಎಂಟೂವರೆ ಸುಮಾರಿಗೆ, ಬೆಳಿಗ್ಗೆ 9.35ಕ್ಕೆ ಸೂರ್ಯ 9 ಡಿಗ್ರಿಯಷ್ಟು ಎತ್ತರದಲ್ಲಿ ಇರುತ್ತಾನೆ. ನಮ್ಮ ನೆರಳಿಗೆ ಹೆಚ್ಚೂಕಡಿಮೆ ಅದೂ ಹೊಂದುತ್ತದೆ, ನಿಮ್ಮ ‘ಬೆಳಗು’ ಗೆದ್ದೇಬಿಡುತ್ತಿತ್ತು! ಆದರೆ ಜೂನ್ ಎಂದರೆ ಅಲ್ಲಿ ನಡುಚಳಿಗಾಲ. ಆ ಬೆಳಗಿನ ಹೊತ್ತಿನಲ್ಲಿ ಬೀದಿ ತುಂಬ ಅರ್ಧ ತೋಳಿನ ಅಂಗಿಯವರು ಸಿಗುವುದಿಲ್ಲ. ಫೋಟೊ ತೆಗೆದ ದಿನವನ್ನು ನೀವು ತಿಳಿಸದೇ ಇದ್ದಿದ್ದರೆ ಈ ಗಂಟು ಬಿಚ್ಚುವುದು ಕಷ್ಟವಿತ್ತು.

ಸ್ಪೇನಿನೊಳಗೆ ಎಲ್ಲಿ? ದೇಶದ ಮುಖ್ಯಭೂಮಿಗೆಲ್ಲ ಒಂದೇ ಗಡಿಯಾರ, ಆದರೆ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ ತಡ. ಆ ದಿನ ಬಾರ್ಸಿಲೋನಾದಲ್ಲಿ ಸೂರ್ಯ ಮುಳುಗುವುದು 9.30ಕ್ಕಿಂತ ಮೊದಲೇ. ಮ್ಯಾಡ್ರಿಡ್‌ನಲ್ಲಿ 9.35ಕ್ಕೆ ಸೂರ್ಯ ದಿಗಂತಕ್ಕೆ ತಾಗುವಂತಿದ್ದು, ಕಟ್ಟಡಗಳ ನಡುವಿನ ನೆಲಕ್ಕೆ ಬಿಸಿಲು ಬೀಳುವುದು ಅಪರೂಪ. ವೀಗೊದಲ್ಲಿ ಸೂರ್ಯಾಸ್ತ 10.15ರ ಹೊತ್ತಿಗೆ. ಆದ್ದರಿಂದ ವಾಯವ್ಯದ ಗಲೀಸಿಯ, ಇಲ್ಲವೇ ಅದರ ಪಕ್ಕದ ಅಸ್ಟೂರಿಯಸ್ ಎನ್ನುತ್ತೇನೆ. ಊರಿನ ಹೆಸರು ಹೇಳುವಷ್ಟು ಸಾಕ್ಷಿ ಇಷ್ಟರಲ್ಲಿ ಇಲ್ಲ. ಪೋರ್ಚುಗಲ್ ಅಲ್ಲ ಎನ್ನುವುದು ಖಚಿತ. ಗಲೀಸಿಯದ ತುಯ್ ಪಟ್ಟಣದಿಂದ ಮೀನ್ಯೊ ನದಿಯ ಸೇತುವೆ ದಾಟಿದರೆ ಪೋರ್ಚುಗಲ್, ಗಡಿಯಾರ ಒಂದು ತಾಸು ಹಿಂದೆ. ಇದೇ ಬಿಸಿಲಿಗೆ ಆ ದಡದಲ್ಲಿ 8.35 ಆಗಿರುತ್ತದೆ.

ಸ್ಪೇನ್ ತನ್ನ ಗಡಿಯಾರವನ್ನು 1940ರ ಮಾರ್ಚ್‌ನಲ್ಲಿ ಒಂದು ತಾಸು ಮುಂದಿಟ್ಟಿತು, ಮತ್ತೆ ಹಿಂದಕ್ಕೆ ತರಲೇ ಇಲ್ಲ. ಬೇಸಿಗೆಯಲ್ಲಿ ಅದಕ್ಕೆ ಇನ್ನೊಂದು ತಾಸು ಸೇರುತ್ತದೆ. ಹಾಗಾಗಿ ವೀಗೊದಲ್ಲಿ ಜೂನ್ ತಿಂಗಳ ಸೂರ್ಯ ನಡುನೆತ್ತಿಗೆ ಬರುವುದು ಮಧ್ಯಾಹ್ನ 2.37ರ ಸುಮಾರಿಗೆ, ಪುತ್ತೂರಿನಲ್ಲಿ ಹನ್ನೆರಡೂವರೆಗೆ. ಅವರ ರಾತ್ರಿ 9.35ರ ಊಟ ಸೂರ್ಯನ ಲೆಕ್ಕದಲ್ಲಿ ಸಂಜೆ ಏಳರ ಊಟ. ಅವರು ತಡವಾಗಿ ಉಣ್ಣುತ್ತಾರೆ ಎನ್ನುವವರು ಗಡಿಯಾರ ನೋಡಿ ಹೇಳುತ್ತಾರೆ, ಬಿಸಿಲು ನೋಡಿ ಅಲ್ಲ.

ಇನ್ನೊಂದು ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಅವನು ಫೋಟೊ ತೆಗೆದ ಕೂಡಲೇ ಕಳಿಸಿದ್ದರೆ ನಿಮ್ಮ ಮೊಬೈಲಿಗೆ ಅದು ನಡುರಾತ್ರಿ 1.05ರ ನಂತರ ಬಂದಿರಬೇಕು, ಏಕೆಂದರೆ ಬೇಸಿಗೆಯಲ್ಲಿ ಸ್ಪೇನ್ ನಮಗಿಂತ ಮೂರೂವರೆ ತಾಸು ಹಿಂದೆ. ನಿಮ್ಮ ವಾದದಂತೆ ಅದು ಸ್ಪೇನಿನ ಬೆಳಗಾಗಿದ್ದರೆ ಮಧ್ಯಾಹ್ನ 1.05. ಸಂದೇಶದ ಪಕ್ಕದ ಸಮಯ ನೋಡಿ. ಅದು ಜೂನ್ 21ರ ಮಧ್ಯಾಹ್ನದ್ದಾಗಿದ್ದರೆ ನನ್ನ ಲೆಕ್ಕವೆಲ್ಲ ತಪ್ಪು. ರಾತ್ರಿಯದ್ದಾಗಿದ್ದರೆ ಅವನಿಗೆ ‘ನೀನೇ ಗೆದ್ದೆ’ ಎಂದು ಬರೆಯಿರಿ.